ಮಿನ್ ಹೀಪ್ ಅಂದ್ರೆ ಸಾರ್ಟ್ ಆದ ಅರೇ ಅಲ್ವಾ? ಸರಿ-ತಪ್ಪು ಪ್ರಶ್ನೆಯಲ್ಲಿ ನಾಲ್ಕು ಅಂಕ ಹೋಯ್ತು

ನವನಗರ_ಹುಡುಗಿ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಮೂರನೇ ಸೆಮಿಸ್ಟರ್, ಕಂಪ್ಯೂಟರ್ ಸೈನ್ಸ್. ನಿನ್ನೆ ಡೇಟಾ ಸ್ಟ್ರಕ್ಚರ್ಸ್ ಇಂಟರ್ನಲ್ಸ್ ಪೇಪರ್ ವಾಪಸ್ ಕೊಟ್ಟರು. ದೊಡ್ಡ ಪ್ರಶ್ನೆಗಳಲ್ಲಿ ಅಂಕ ಚೆನ್ನಾಗಿ ಬಂದಿದೆ. ಆದರೆ ಸರಿ-ತಪ್ಪು ಅಂತ ಬರೆಯುವ ಭಾಗದಲ್ಲಿ ಹೀಪ್ ಮೇಲೆ ಐದು ಪ್ರಶ್ನೆ ಇದ್ದವು, ಅದರಲ್ಲಿ ನಾಲ್ಕು ಹೋಗಿವೆ. ಐದಕ್ಕೂ ನಾನು "ಸರಿ" ಅಂತಲೇ ಬರೆದಿದ್ದೆ. ಪೇಪರ್ ಇಂಗ್ಲಿಷ್‌ನಲ್ಲಿತ್ತು, ನಾನು ಕನ್ನಡದಲ್ಲಿ ಹಾಕುತ್ತಿದ್ದೇನೆ.

ಒಂದು, ಮಿನ್ ಹೀಪ್‌ನ ಅರೇ ಯಾವಾಗಲೂ ಏರಿಕೆ ಕ್ರಮದಲ್ಲಿರುತ್ತದೆ. ಎರಡು, ಏರಿಕೆ ಕ್ರಮದಲ್ಲಿರುವ ಅರೇ ಯಾವಾಗಲೂ ಮಿನ್ ಹೀಪ್ ಆಗಿರುತ್ತದೆ. ಮೂರು, ಮಿನ್ ಹೀಪ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅರೇಯ ಕೊನೆಯ ಜಾಗದಲ್ಲಿರುತ್ತದೆ. ನಾಲ್ಕು, ಎರಡನೇ ಅತಿ ಚಿಕ್ಕ ಸಂಖ್ಯೆ ರೂಟ್‌ನ ಎಡ ಮಗುವೇ ಆಗಿರುತ್ತದೆ. ಐದು, n ಸಂಖ್ಯೆಗಳಿಂದ ಹೀಪ್ ಕಟ್ಟಲು O(n log n) ಸಮಯ ಬೇಕು.

ಎರಡನೆಯದಕ್ಕೆ ಮಾತ್ರ ಅಂಕ ಸಿಕ್ಕಿದೆ. ನನಗೆ ನಿಜವಾಗಿ ಅರ್ಥವಾಗುತ್ತಿಲ್ಲ. ಎರಡನೆಯದು ಸರಿ ಅಂದ ಮೇಲೆ ಒಂದನೆಯದು ಹೇಗೆ ತಪ್ಪಾಗುತ್ತದೆ? ನಮ್ಮ ನೋಟ್ಸ್‌ನಲ್ಲಿರುವ ಹೀಪ್ 10, 20, 30, 40, 50. ಅದು ಸಾರ್ಟ್ ಆಗೇ ಇದೆ. ಅಷ್ಟೇ ಅಲ್ಲ, ಲ್ಯಾಬ್‌ನಲ್ಲಿ ನಾನು ಬರೆದ ಡಿಲೀಟ್ ಫಂಕ್ಷನ್ ಕೂಡ ಹೀಪ್ ಸಾರ್ಟ್ ಆಗಿದೆ ಅಂದುಕೊಂಡೇ ಬರೆದದ್ದು. ಮೊದಲನೆಯದನ್ನು ತೆಗೆದು ಉಳಿದದ್ದನ್ನು ಒಂದೊಂದು ಮನೆ ಹಿಂದಕ್ಕೆ ಸರಿಸುತ್ತೇನೆ. ಔಟ್‌ಪುಟ್ ಸರಿಯಾಗಿ ಬಂದು ರೆಕಾರ್ಡ್‌ಗೆ ಸಹಿಯೂ ಆಗಿದೆ.

```c
int deleteMin() {
    int m = h[0];
    for (int i = 1; i < n; i++)
        h[i-1] = h[i];
    n--;
    return m;
}
```

ಇದು ತಪ್ಪಾಗಿದ್ದರೆ ಉತ್ತರ ಹೇಗೆ ಸರಿ ಬಂತು? ಯಾರಾದರೂ ಬಿಡಿಸಿ ಹೇಳಿ.

ಗುಮ್ಮಟನಗರಿ (ವಿಜಯಪುರ)

ತಂಗೀ, ಒಂದನೆಯದು ತಪ್ಪೇ. ಹೀಪ್ ಪೂರ್ತಿ ಸಾರ್ಟ್ ಆಗಿರುವುದಿಲ್ಲ, ಲೆವೆಲ್ ಲೆವೆಲ್ ಆಗಿ ಮಾತ್ರ ಸಾರ್ಟ್ ಆಗಿರುತ್ತದೆ. ಅಂದರೆ ಮೇಲಿನ ಲೆವೆಲ್‌ನಲ್ಲಿರುವ ಎಲ್ಲವೂ ಕೆಳಗಿನ ಲೆವೆಲ್‌ನಲ್ಲಿರುವ ಎಲ್ಲದಕ್ಕಿಂತ ಚಿಕ್ಕವು. ಒಂದೇ ಲೆವೆಲ್ ಒಳಗೆ ಎಡಬಲ ಹೇಗಾದರೂ ಇರಬಹುದು. ಅದಕ್ಕೇ ನಾಲ್ಕನೆಯದೂ ತಪ್ಪು, ಎರಡನೇ ಚಿಕ್ಕದು ಬಲಗಡೆಯೂ ಇರಬಹುದು. ಮೂರನೆಯದೂ ಹಾಗೆ, ದೊಡ್ಡದು ಕೊನೆಯ ಲೆವೆಲ್‌ನಲ್ಲಿ ಎಲ್ಲಾದರೂ ಇರುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ನಾನು ಡಿಪ್ಲೊಮಾ ಪೂರ್ತಿ ಹೀಗೇ ಬರೆದು ಪಾಸಾದೆ.

ಟಿಳಕವಾಡಿ_ಟೀಚರ್ (ಬೆಳಗಾವಿ)

ಗುಮ್ಮಟನಗರಿ ಅವರೇ, ನಿಮ್ಮ ಮೊದಲ ವಾಕ್ಯ ಸರಿ. ನಾಲ್ಕನೆಯದರ ಉತ್ತರವೂ ಸರಿ. ಆದರೆ "ಲೆವೆಲ್ ಲೆವೆಲ್ ಆಗಿ ಸಾರ್ಟ್" ಅನ್ನುವುದು ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಅದೇ ಮುಂದಿನ ಬಲೆ. ಒಂದು ಹೀಪ್ ಬರೆಯುತ್ತೇನೆ, ಎಲ್ಲರೂ ಇದನ್ನೇ ಇಟ್ಟುಕೊಳ್ಳೋಣ:

```
            10
       40        15
     50  60    20  30

ಅರೇ: 10 40 15 50 60 20 30
```

ಪ್ರತಿ ನೋಡ್ ನೋಡಿ. 10 ತನ್ನ ಮಕ್ಕಳಾದ 40, 15 ಎರಡಕ್ಕಿಂತ ಚಿಕ್ಕದು. 40 ತನ್ನ ಮಕ್ಕಳಾದ 50, 60ಕ್ಕಿಂತ ಚಿಕ್ಕದು. 15 ತನ್ನ ಮಕ್ಕಳಾದ 20, 30ಕ್ಕಿಂತ ಚಿಕ್ಕದು. ಮಿನ್ ಹೀಪ್ ಕೇಳುವುದು ಇಷ್ಟನ್ನೇ. ಈಗ ಕೊನೆಯ ಲೆವೆಲ್‌ನಲ್ಲಿರುವ 20 ಮತ್ತು 30 ನೋಡಿ. ಎರಡೂ ಮೇಲಿನ ಲೆವೆಲ್‌ನ 40ಕ್ಕಿಂತ ಚಿಕ್ಕವು. ಹೀಪ್ ಕೆಟ್ಟಿಲ್ಲ, ಯಾಕೆಂದರೆ 40ಕ್ಕೂ 20ಕ್ಕೂ ತಂದೆ-ಮಗುವಿನ ಸಂಬಂಧವೇ ಇಲ್ಲ. 20 ಬೇರೆ ಮನೆಯ ಮಗು. 40 ಅದಕ್ಕೆ ದೊಡ್ಡಪ್ಪ ಅಂದುಕೊಳ್ಳಿ. ಮಗು ತನ್ನ ಅಪ್ಪ, ಅಜ್ಜ, ಮುತ್ತಜ್ಜನಿಗಿಂತ ದೊಡ್ಡದಿರಬೇಕು ಅನ್ನುವುದೊಂದೇ ಹೀಪ್‌ನ ಕಟ್ಟಳೆ. ದೊಡ್ಡಪ್ಪ, ಚಿಕ್ಕಪ್ಪ, ಅಣ್ಣ, ತಮ್ಮ ಯಾರ ಬಗ್ಗೆಯೂ ಅದು ಮಾತಾಡುವುದಿಲ್ಲ.

ಹೀಪ್ ಬಗ್ಗೆ ಯಾವುದೇ ಹೇಳಿಕೆ ಬಂದರೂ ನಾನು ಮಕ್ಕಳಿಗೆ ಕೇಳುವ ಪ್ರಶ್ನೆ ಒಂದೇ. ಹೋಲಿಸುತ್ತಿರುವ ಎರಡು ಸಂಖ್ಯೆಗಳಲ್ಲಿ ಒಂದರಿಂದ ಮೇಲಕ್ಕೆ ಹತ್ತಿ ಹೋದರೆ ಇನ್ನೊಂದು ಸಿಗುತ್ತದಾ? ಸಿಕ್ಕರೆ ಹೇಳಿಕೆಗೆ ಆಧಾರ ಇದೆ. ಸಿಗದಿದ್ದರೆ ಹೀಪ್ ಯಾವ ಮಾತನ್ನೂ ಕೊಟ್ಟಿಲ್ಲ.

ನವನಗರ_ಹುಡುಗಿ, ನಿಮ್ಮ ಡಿಲೀಟ್ ಫಂಕ್ಷನ್‌ಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಮೇಲಿನ ಏಳು ಸಂಖ್ಯೆಗಳನ್ನು ಇದೇ ಕ್ರಮದಲ್ಲಿ ನಿಮ್ಮ ಪ್ರೋಗ್ರಾಂಗೆ ಕೊಟ್ಟು ಏನು ಬರುತ್ತದೆ ಇಲ್ಲಿ ಹಾಕಿ.

ಬೋರ್ಡ್_ಬೆಸುಗೆ (ವಿಜಯಪುರ)

ಹೀಪ್ ಸಾರ್ಟ್ ಆಗಿರುತ್ತದೆ ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಾನು ಮೈಕ್ರೊಕಂಟ್ರೋಲರ್ ಮೇಲೆ ಕೆಲಸ ಮಾಡುತ್ತೇನೆ. ಹೀಪ್‌ನಲ್ಲಿ ಕ್ರಮ ಅನ್ನುವುದೇ ಇರುವುದಿಲ್ಲ. `malloc` ಎಲ್ಲಿ ಜಾಗ ಸಿಗುತ್ತದೋ ಅಲ್ಲಿಂದ ಕೊಡುತ್ತದೆ. ಹೋದ ವರ್ಷ ನೀರಿನ ಮೋಟರ್ ಕಂಟ್ರೋಲರ್ ಒಂದು ಮಾಡಿದ್ದೆ, ನಾಲ್ಕು ದಿನ ಓಡಿ ನಿಂತುಬಿಡುತ್ತಿತ್ತು. ಚಿಕ್ಕ ದೊಡ್ಡ ತುಂಡು ತಗೊಂಡು ಬಿಟ್ಟು ಮಾಡಿ ಹೀಪ್ ಎಲ್ಲ ಚೂರು ಚೂರಾಗಿತ್ತು. ಒಟ್ಟು ಜಾಗ ಇತ್ತು, ಆದರೆ ಒಂದೇ ಕಡೆ 512 ಬೈಟ್ ಸಿಗಲಿಲ್ಲ. ಎಲ್ಲವನ್ನೂ ಮೊದಲೇ ಅರೇ ಆಗಿ ತೆಗೆದಿಟ್ಟ ಮೇಲೆ ಸರಿಹೋಯ್ತು. ಹಾಗಾಗಿ ಒಂದನೆಯದು ಖಂಡಿತ ತಪ್ಪು.

ಟಿಳಕವಾಡಿ_ಟೀಚರ್ (ಬೆಳಗಾವಿ)

ಅಣ್ಣಾ, ನೀವು ಹೇಳುತ್ತಿರುವುದು ಮೆಮೊರಿಯ ಹೀಪ್. ಪ್ರಶ್ನೆ ಬೈನರಿ ಹೀಪ್ ಮೇಲಿದೆ. ಹೆಸರು ಒಂದೇ, ಎರಡಕ್ಕೂ ಸಂಬಂಧ ಇಲ್ಲ. `malloc` ಜಾಗ ಕೊಡುವ ಹೀಪ್‌ನಲ್ಲಿ ತಂದೆ-ಮಗು ಕಟ್ಟಳೆ ಇರಬೇಕೆಂದೇನೂ ಇಲ್ಲ. ನಿಮ್ಮ ಮೋಟರ್‌ನ ಕಥೆ ಸರಿ, ಆದರೆ ಆ ಕಾರಣಕ್ಕೆ ಒಂದನೆಯದು ತಪ್ಪಾಗುವುದಲ್ಲ. ನಿಮ್ಮ ಮಾತಿನಿಂದ ಒಂದು ಒಳ್ಳೆಯದಾಯ್ತು, ಇದೇ ಗೊಂದಲ ಪೇಪರ್‌ನಲ್ಲೂ ಬರುತ್ತದೆ. "ಡೈನಾಮಿಕ್ ಮೆಮೊರಿ ಕೊಡಲು ಹೀಪ್ ಡೇಟಾ ಸ್ಟ್ರಕ್ಚರ್ ಬಳಸುತ್ತಾರೆ, ಅದಕ್ಕೇ ಆ ಹೆಸರು" ಅನ್ನುವ ಹೇಳಿಕೆ ನಾನೇ ನೋಡಿದ್ದೇನೆ. ಅದಕ್ಕೆ ತಪ್ಪು ಅಂತ ಬರೆಯಬೇಕು.

ಬೋರ್ಡ್_ಬೆಸುಗೆ (ವಿಜಯಪುರ)

ಸರಿ ಮೇಡಂ, ನಾನು ಪ್ರಶ್ನೆ ಪೂರ್ತಿ ಓದಲಿಲ್ಲ. ಎರಡು ಬೇರೆ ಅಂತ ಇಷ್ಟು ವರ್ಷ ಯೋಚನೆಯೇ ಮಾಡಿರಲಿಲ್ಲ.

ನವನಗರ_ಹುಡುಗಿ (ಬಾಗಲಕೋಟೆ)

ಮೇಡಂ, ಓಡಿಸಿದೆ. ಏಳು ಸಲ ಡಿಲೀಟ್ ಮಾಡಿದರೆ ಬಂದದ್ದು 10 40 15 50 60 20 30. ಕೊಟ್ಟ ಕ್ರಮದಲ್ಲೇ ವಾಪಸ್ ಬಂತು! 10 ಆದ ಮೇಲೆ 15 ಬರಬೇಕಿತ್ತು, 40 ಬಂದಿದೆ. ಲ್ಯಾಬ್‌ನಲ್ಲಿ ನಾನು ಕೊಟ್ಟ ಇನ್‌ಪುಟ್ 10 20 30 40 50 ಆಗಿತ್ತು, ನೋಟ್ಸ್‌ನಲ್ಲಿದ್ದದ್ದೇ.

ಟಿಳಕವಾಡಿ_ಟೀಚರ್ (ಬೆಳಗಾವಿ)

ಅಲ್ಲೇ ಇದೆ ವಿಷಯ. ಸಾರ್ಟ್ ಆದ ಅರೇಯ ತಲೆ ಕತ್ತರಿಸಿದರೆ ಉಳಿದದ್ದೂ ಸಾರ್ಟ್ ಆಗೇ ಇರುತ್ತದೆ. ಸಾರ್ಟ್ ಆದದ್ದು ಹೀಪ್ ಆಗೇ ಇರುತ್ತದೆ, ನಿಮ್ಮ ಎರಡನೇ ಪ್ರಶ್ನೆ ಹೇಳುವುದು ಅದನ್ನೇ. ಹಾಗಾಗಿ 10 20 30 40 50 ಕೊಟ್ಟಾಗ ನಿಮ್ಮ ತಪ್ಪು ಫಂಕ್ಷನ್ ಸಿಕ್ಕಿಬೀಳಲು ಸಾಧ್ಯವೇ ಇರಲಿಲ್ಲ. ಆ ಇನ್‌ಪುಟ್ ಪರೀಕ್ಷಿಸುತ್ತಿದ್ದದ್ದು ಹೀಪನ್ನಲ್ಲ, ಸಾಲಾಗಿ ನಿಂತ ಕ್ಯೂ ಒಂದನ್ನು.

ಸಾರ್ಟ್ ಆಗದ ಹೀಪ್‌ನಲ್ಲಿ ಒಂದೊಂದು ಮನೆ ಹಿಂದಕ್ಕೆ ಸರಿಸಿದರೆ ಏನಾಗುತ್ತದೆ ಯೋಚಿಸಿ. ಅರೇಯಲ್ಲಿ ಜಾಗದ ನಂಬರೇ ಸಂಬಂಧ ಹೇಳುವುದು. ಎಲ್ಲರ ನಂಬರ್ ಒಂದು ಕಡಿಮೆಯಾದರೆ ಅಪ್ಪಂದಿರು ಅದಲುಬದಲಾಗುತ್ತಾರೆ. ನಮ್ಮ ಉದಾಹರಣೆಯಲ್ಲಿ 40 ರೂಟ್ ಆಯ್ತು, 15 ಅದರ ಮಗುವಾಯ್ತು. ಅಣ್ಣತಮ್ಮ ಇದ್ದವರು ಅಪ್ಪಮಗ ಆದರು.

ಸರಿಯಾದ ದಾರಿ ಕೈಯಲ್ಲಿ ಮಾಡೋಣ, ಪೆನ್ನು ತಗೊಳ್ಳಿ. 10 ಹೊರಗೆ ಹೋಯ್ತು. ಅರೇಯ ಕೊನೆಯಲ್ಲಿರುವ 30 ಅನ್ನು ತಂದು ರೂಟ್‌ನಲ್ಲಿಡಿ. ಈಗ ಅರೇ 30 40 15 50 60 20. ಮರದ ಆಕಾರ ಕೆಡಲಿಲ್ಲ, ಕೊನೆಯ ಮನೆ ಮಾತ್ರ ಖಾಲಿಯಾಯ್ತು. 30ರ ಮಕ್ಕಳು 40 ಮತ್ತು 15. ಇಬ್ಬರಲ್ಲಿ ಚಿಕ್ಕದು 15, ಅದು 30ಕ್ಕಿಂತಲೂ ಚಿಕ್ಕದು, ಅದಲುಬದಲು ಮಾಡಿ. 15 40 30 50 60 20. ಈಗ 30ಕ್ಕೆ ಒಂದೇ ಮಗು, 20. ಮತ್ತೆ ಅದಲುಬದಲು. 15 40 20 50 60 30. ಮುಗೀತು. ರೂಟ್‌ನಲ್ಲಿ 15 ಇದೆ. ಗಮನಿಸಿ, ಈಗಲೂ ಅರೇ ಸಾರ್ಟ್ ಆಗಿಲ್ಲ.

ಗುಮ್ಮಟನಗರಿ (ವಿಜಯಪುರ)

ಮೇಡಂ, ಲೆವೆಲ್ ವಿಷಯದಲ್ಲಿ ನಾನು ತಪ್ಪಿದ್ದೆ, ಒಪ್ಪಿದೆ. 20 ಮತ್ತು 40 ನೋಡಿದ ಮೇಲೆ ಮಾತಿಲ್ಲ. ಆದರೆ ಡಿಲೀಟ್ ಮಾಡುವಾಗ ಎಡ ಮಗುವಿನ ಜೊತೆ ಮೊದಲು ಹೋಲಿಸಿ, ಅದು ಚಿಕ್ಕದಿದ್ದರೆ ಬದಲಿಸಿ, ಇಲ್ಲದಿದ್ದರೆ ಬಲಕ್ಕೆ ಹೋಗಬೇಕು ಅಂತ ನಾವು ಕಲಿತದ್ದು. ಅದೂ ನಡೆಯುತ್ತದೆ ಅಲ್ವಾ?

ಟಿಳಕವಾಡಿ_ಟೀಚರ್ (ಬೆಳಗಾವಿ)

ನಡೆಯುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಅದೃಷ್ಟಕ್ಕೆ ನಡೆಯುತ್ತದೆ, ಯಾಕೆಂದರೆ 40 ದೊಡ್ಡದಿದ್ದುದರಿಂದ ಬಲಕ್ಕೇ ಹೋಗುತ್ತೀರಿ. ರೂಟ್‌ಗೆ 30ರ ಬದಲು 70 ಬಂದಿದ್ದರೆ? ಎಡದ 40 ಚಿಕ್ಕದು ಅಂತ ಮೇಲೆ ತರುತ್ತೀರಿ. ಈಗ 40 ರೂಟ್, ಅದರ ಬಲ ಮಗು 15. ಹೀಪ್ ಕೆಟ್ಟಿತು. ಮೇಲೆ ಹೋಗುವವನು ತನ್ನ ಅಣ್ಣತಮ್ಮನಿಗೂ ಅಪ್ಪನಾಗುತ್ತಾನೆ, ಅದಕ್ಕೇ ಇಬ್ಬರಲ್ಲಿ ಚಿಕ್ಕವನೇ ಹೋಗಬೇಕು. "ಮಕ್ಕಳಲ್ಲಿ ಯಾವುದರ ಜೊತೆ ಬದಲಿಸಿದರೂ ನಡೆಯುತ್ತದೆ" ಅನ್ನುವ ಹೇಳಿಕೆ ಬಂದರೆ ತಪ್ಪು ಅಂತ ಬರೆಯಿರಿ.

ಹೊಸ ಸಂಖ್ಯೆ ಸೇರಿಸುವಾಗ ಈ ತೊಂದರೆ ಇಲ್ಲ. ಅಲ್ಲಿ ಮೇಲಕ್ಕೆ ಹತ್ತುವುದು, ಅಪ್ಪ ಒಬ್ಬನೇ. ಅಣ್ಣತಮ್ಮನನ್ನು ನೋಡುವ ಕೆಲಸವೇ ಇಲ್ಲ.

ಕುಸ್ತಿ_ಕಣ (ಬೆಳಗಾವಿ)

ನಾನು ಕಾಮರ್ಸ್ ಓದಿದವನು, ನನ್ನ ಮಗಳು ಬಿಸಿಎ. ಅವಳಿಗೆ ಹೇಳಿಕೊಡಬೇಕು ಅಂತ ಓದುತ್ತಿದ್ದೆ. ನನಗೆ ಹೊಳೆದದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಕುಸ್ತಿಯಲ್ಲಿ ಸೋತವನು ಹೊರಗೆ ಅನ್ನುವ ಪದ್ಧತಿಯಲ್ಲಿ ಜೋಡಿ ಹಾಕಿದಾಗ ಕೊನೆಗೆ ಗೆದ್ದವನೇ ಎಲ್ಲರಿಗಿಂತ ಗಟ್ಟಿ ಅನ್ನುವುದು ಗೊತ್ತಾಗುತ್ತದೆ. ಆದರೆ ಫೈನಲ್‌ನಲ್ಲಿ ಸೋತವನೇ ಎರಡನೇ ಗಟ್ಟಿ ಪೈಲ್ವಾನ ಅಂತ ಹೇಳಲಾಗುವುದಿಲ್ಲ. ನಿಜವಾದ ಎರಡನೆಯವನು ಮೊದಲ ಸುತ್ತಿನಲ್ಲೇ ಗೆದ್ದವನ ಕೈಗೆ ಸಿಕ್ಕು ಮನೆಗೆ ಹೋಗಿರಬಹುದು. ನಮ್ಮೂರ ಕಣದಲ್ಲಿ ಇದು ಸಾಕಷ್ಟು ಸಲ ಆಗಿದೆ. ಹೀಪ್ ಅಂದರೂ ಇದೇ ತಾನೇ? ಮೇಲಿರುವವನು ಗೊತ್ತು, ಉಳಿದವರ ಕ್ರಮ ಗೊತ್ತಿಲ್ಲ.

ಟಿಳಕವಾಡಿ_ಟೀಚರ್ (ಬೆಳಗಾವಿ)

ಅಣ್ಣಾರ, ತುಂಬಾ ಹತ್ತಿರ ಬಂದಿದ್ದೀರಿ. ಮಗಳಿಗೆ ಹೀಗೇ ಶುರು ಮಾಡಿ ಹೇಳಿ. ಒಂದು ಕಡೆ ಮಾತ್ರ ವ್ಯತ್ಯಾಸ ಇದೆ, ಅದನ್ನೂ ಹೇಳಿ. ಕುಸ್ತಿಯ ಚಾರ್ಟ್‌ನಲ್ಲಿ ಗೆದ್ದವನ ಹೆಸರನ್ನು ಪ್ರತಿ ಸುತ್ತಿನಲ್ಲೂ ಮತ್ತೆ ಬರೆಯುತ್ತಾರೆ. ಎಂಟು ಜನರಿದ್ದರೆ ಗೆದ್ದವನು ಮೂವರನ್ನು ಸೋಲಿಸಿರುತ್ತಾನೆ, ಎರಡನೇ ಗಟ್ಟಿಗ ಆ ಮೂವರಲ್ಲಿ ಒಬ್ಬ. ಹೀಪ್‌ನಲ್ಲಿ ಪ್ರತಿಯೊಬ್ಬರಿಗೂ ಒಂದೇ ಜಾಗ. ಎಷ್ಟೇ ದೊಡ್ಡ ಹೀಪ್ ಇರಲಿ, ಎರಡನೇ ಚಿಕ್ಕದು ರೂಟ್‌ನ ಎರಡು ಮಕ್ಕಳಲ್ಲಿ ಒಂದು. ಬೇರೆ ಎಲ್ಲೂ ಇರಲು ಆಗುವುದಿಲ್ಲ, ಯಾಕೆಂದರೆ ಅದರ ಮೇಲೆ ಇರಬಹುದಾದದ್ದು ಅದಕ್ಕಿಂತ ಚಿಕ್ಕದಾದ ಒಂದೇ ಒಂದು ಸಂಖ್ಯೆ.

ಇದೇ ಲೆಕ್ಕ ಮುಂದುವರಿಸಿ. ಮೂರನೇ ಚಿಕ್ಕದರ ಮೇಲೆ ಹೆಚ್ಚೆಂದರೆ ಎರಡು ಸಂಖ್ಯೆ ಇರಬಹುದು. ಹಾಗಾಗಿ ಅದು ರೂಟ್‌ನ ಮಗುವಾಗಿರಬಹುದು, ಮೊಮ್ಮಗುವಾಗಿರಬಹುದು, ಮರಿಮಗು ಆಗಲಾರದು. ನಮ್ಮ ಹೀಪ್‌ನಲ್ಲಿ ಮೂರನೆಯದು 20, ಮೊಮ್ಮಗು. 10 20 30 40 50ರಲ್ಲಿ ಮೂರನೆಯದು 30, ಮಗು. ಇಲ್ಲಿ "ಇರಬಹುದು" ಮತ್ತು "ಇರಲೇಬೇಕು" ಎರಡನ್ನು ಕಲಸಿ ಪ್ರಶ್ನೆ ಮಾಡುತ್ತಾರೆ. "ಮೂರನೇ ಚಿಕ್ಕದು ರೂಟ್‌ನ ಮಗುವಾಗಿರಬಹುದು" ಸರಿ. "ಮಗುವೇ ಆಗಿರುತ್ತದೆ" ತಪ್ಪು. ಒಂದು ಪದ ನೋಡದೆ ಹೋದರೆ ಅಂಕ ಹೋಯ್ತು.

ನವನಗರ_ಹುಡುಗಿ (ಬಾಗಲಕೋಟೆ)

ಈಗ ನಾಲ್ಕನೆಯದು ತಿಳಿಯಿತು. ಮೂರನೆಯದೂ ಹಾಗೇ ಅಲ್ವಾ? ನಮ್ಮ ಹೀಪ್‌ನಲ್ಲಿ ದೊಡ್ಡದು 60, ಅದು ಐದನೇ ಜಾಗದಲ್ಲಿದೆ, ಕೊನೆಯಲ್ಲಿಲ್ಲ. ಹಾಗಾದರೆ ಗುಮ್ಮಟನಗರಿ ಅಣ್ಣ ಹೇಳಿದ "ಕೊನೆಯ ಲೆವೆಲ್‌ನಲ್ಲಿ ಎಲ್ಲಾದರೂ" ಅನ್ನುವುದು ಸರಿಯೇ?

ಟಿಳಕವಾಡಿ_ಟೀಚರ್ (ಬೆಳಗಾವಿ)

ಅದೂ ಪೂರ್ತಿ ಸರಿಯಲ್ಲ. ದೊಡ್ಡದಕ್ಕೆ ಮಕ್ಕಳಿರಲು ಆಗುವುದಿಲ್ಲ, ಅಷ್ಟೇ. ಮಕ್ಕಳಿಲ್ಲದ ನೋಡ್ ಅಂದರೆ ಲೀಫ್. ಕೊನೆಯ ಲೆವೆಲ್ ಅರ್ಧ ತುಂಬಿದ್ದರೆ ಅದರ ಮೇಲಿನ ಲೆವೆಲ್‌ನಲ್ಲೂ ಲೀಫ್ ಇರುತ್ತವೆ. 1, 2, 9, 3 ಅನ್ನುವ ನಾಲ್ಕು ಸಂಖ್ಯೆಯ ಹೀಪ್ ಬರೆದು ನೋಡಿ. 9 ಎರಡನೇ ಸಾಲಿನಲ್ಲಿದೆ, ಕೊನೆಯ ಸಾಲಿನಲ್ಲಿ 3 ಒಂದೇ. ಹಾಗಾಗಿ "ಲೀಫ್‌ನಲ್ಲಿರುತ್ತದೆ" ಸರಿ, "ಕೊನೆಯ ಲೆವೆಲ್‌ನಲ್ಲಿರುತ್ತದೆ" ತಪ್ಪು.

ಗೇಟ್_ತಯಾರಿ (ವಿಜಯಪುರ)

ಮೇಡಂ ಕ್ಷಮಿಸಿ, ಒಂದು ಸೇರಿಸುತ್ತೇನೆ. "ಲೀಫ್‌ನಲ್ಲೇ ಇರುತ್ತದೆ" ಅನ್ನುವುದಕ್ಕೂ ಷರತ್ತು ಬೇಕು. 5, 5, 5 ಅನ್ನುವ ಹೀಪ್‌ನಲ್ಲಿ ಅತಿ ದೊಡ್ಡದು ರೂಟ್‌ನಲ್ಲೂ ಇದೆ. ಸಂಖ್ಯೆಗಳೆಲ್ಲ ಬೇರೆ ಬೇರೆ ಅಂತ ಪ್ರಶ್ನೆಯಲ್ಲಿ ಹೇಳಿದ್ದಾರಾ ಅಂತ ಮೊದಲು ನೋಡಬೇಕು. ಗೇಟ್‌ನಲ್ಲಿ ಸಾಮಾನ್ಯವಾಗಿ ಹೇಳಿರುತ್ತಾರೆ. ಕಾಲೇಜು ಪೇಪರ್‌ಗಳಲ್ಲಿ ಎಷ್ಟೋ ಸಲ ಬಿಟ್ಟಿರುತ್ತಾರೆ. ಆಗ "ದೊಡ್ಡ ಸಂಖ್ಯೆ ಲೀಫ್‌ನಲ್ಲಿ ಸಿಗುತ್ತದೆ" ಅಂದರೆ ಸರಿ, "ಲೀಫ್ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ" ಅಂದರೆ ತಪ್ಪು.

ಇನ್ನು ಐದನೇ ಪ್ರಶ್ನೆ. ಅದಕ್ಕೆ ಅಂಕ ಕೊಡದೇ ಇದ್ದದ್ದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. O ಅಂದರೆ ಮೇಲ್ಮಿತಿ. n ಹೆಜ್ಜೆಯಲ್ಲಿ ಮುಗಿಯುವ ಕೆಲಸ n log n ಮಿತಿಯೊಳಗೂ ಬರುತ್ತದೆ. ಹಾಗಾಗಿ ಹೇಳಿಕೆ ಸರಿ.

ಟಿಳಕವಾಡಿ_ಟೀಚರ್ (ಬೆಳಗಾವಿ)

ಸಮಾನ ಸಂಖ್ಯೆಗಳ ವಿಷಯ ನಾನು ಹೇಳಬೇಕಿತ್ತು, ಒಳ್ಳೆಯದಾಯ್ತು ತಮ್ಮಾ.

ಐದನೆಯದಕ್ಕೆ ಮೊದಲು ಲೆಕ್ಕ ನೋಡೋಣ, ಆಮೇಲೆ ಜಗಳ. ಹೀಪ್ ಕಟ್ಟಲು ಎರಡು ದಾರಿ. ಒಂದು, ಖಾಲಿ ಹೀಪ್‌ಗೆ ಒಂದೊಂದಾಗಿ ಸೇರಿಸುತ್ತಾ ಮೇಲಕ್ಕೆ ಹತ್ತಿಸುವುದು. ಇದು 1964ರಲ್ಲಿ ವಿಲಿಯಮ್ಸ್ ಹೀಪ್‌ಸಾರ್ಟ್ ಜೊತೆ ಕೊಟ್ಟ ದಾರಿ. ಇನ್ನೊಂದು, ಎಲ್ಲ ಸಂಖ್ಯೆಗಳನ್ನು ಅರೇಯಲ್ಲಿ ಹೇಗಿದೆಯೋ ಹಾಗೆ ಇಟ್ಟು, ಮಕ್ಕಳಿರುವ ಕೊನೆಯ ನೋಡ್‌ನಿಂದ ಹಿಂದಕ್ಕೆ ಬರುತ್ತಾ ಪ್ರತಿಯೊಂದನ್ನೂ ಕೆಳಕ್ಕೆ ಇಳಿಸುವುದು. ಇದು ಅದೇ ವರ್ಷ ಫ್ಲಾಯ್ಡ್ ಕೊಟ್ಟದ್ದು.

ಏಳು ಸಂಖ್ಯೆ ತಗೊಳ್ಳಿ, ಅತಿ ಕೆಟ್ಟ ಸ್ಥಿತಿ. ಒಂದೊಂದಾಗಿ ಸೇರಿಸಿದರೆ ಎರಡನೇ ಸಾಲಿನ ಇಬ್ಬರು ಒಂದೊಂದು ಮೆಟ್ಟಿಲು, ಮೂರನೇ ಸಾಲಿನ ನಾಲ್ವರು ಎರಡೆರಡು ಮೆಟ್ಟಿಲು ಹತ್ತುತ್ತಾರೆ. ಒಟ್ಟು 10 ಅದಲುಬದಲು. ಫ್ಲಾಯ್ಡ್ ದಾರಿಯಲ್ಲಿ ಕೆಳಗಿನ ನಾಲ್ವರು ಅಲುಗುವುದೇ ಬೇಡ. ಮಧ್ಯದ ಇಬ್ಬರು ಒಂದೊಂದು ಮೆಟ್ಟಿಲು ಇಳಿಯುತ್ತಾರೆ, ರೂಟ್ ಎರಡು ಇಳಿಯುತ್ತದೆ. ಒಟ್ಟು 4. ಇದನ್ನೇ 1023 ಸಂಖ್ಯೆಗೆ ಮಾಡಿದರೆ ಮೊದಲ ದಾರಿಗೆ 8194, ಎರಡನೆಯದಕ್ಕೆ 1013. ಮರದಲ್ಲಿ ಜಾಸ್ತಿ ಜನ ಇರುವುದು ಕೆಳಗೆ. ಮೊದಲ ದಾರಿ ಆ ಜಾಸ್ತಿ ಜನರನ್ನು ದೂರ ಹತ್ತಿಸುತ್ತದೆ, ಎರಡನೆಯದು ಮೇಲಿನ ಕೆಲವರನ್ನು ಮಾತ್ರ ದೂರ ಇಳಿಸುತ್ತದೆ. ವ್ಯತ್ಯಾಸ ಅಷ್ಟರಲ್ಲೇ ಇದೆ.

ಹಾಗಾಗಿ n ಸಂಖ್ಯೆಗಳಿಗೆ O(n) ಸಾಕು. "n log n ಬೇಕು" ಅಂದರೆ ತಪ್ಪು. ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿದ್ದದ್ದು ಇದೇ.

ಗೇಟ್_ತಯಾರಿ (ವಿಜಯಪುರ)

"ಬೇಕು" ಅನ್ನುವುದು ನವನಗರ_ಹುಡುಗಿ ಕನ್ನಡಕ್ಕೆ ತಂದಾಗ ಬಂದ ಪದ ಇರಬಹುದು. O ಹೇಳುವುದು "ಸಾಕು" ಅಂತ. ಕಡಿಮೆ ಅಂದರೂ ಇಷ್ಟು ಬೇಕು ಅನ್ನಲು ಬೇರೆ ಗುರುತು ಇದೆ, Ω. ಸರಿಯಾಗಿ ಇಷ್ಟೇ ಅನ್ನಲು Θ. ಪೇಪರ್‌ನಲ್ಲಿ Θ(n log n) ಅಂತ ಬರೆದು, ಫ್ಲಾಯ್ಡ್ ದಾರಿ ಅಂತ ಹೇಳಿದ್ದರೆ ನಾನೂ ತಪ್ಪು ಅನ್ನುತ್ತಿದ್ದೆ. O ಬರೆದ ಮೇಲೆ ಸರಿ ಅಂತಲೇ ಒಪ್ಪಬೇಕು.

ನವನಗರ_ಹುಡುಗಿ (ಬಾಗಲಕೋಟೆ)

ಪೇಪರ್ ತೆಗೆದು ನೋಡಿದೆ. "ಟೇಕ್ಸ್ O(n log n) ಟೈಮ್" ಅಂತ ಇದೆ. "ಬೇಕು" ನಾನೇ ಹಾಕಿದ್ದು. ಯಾವ ದಾರಿ ಅಂತ ಹೇಳಿಲ್ಲ.

ಗೇಟ್_ತಯಾರಿ (ವಿಜಯಪುರ)

ಹಾಗಿದ್ದರೆ ಹೋಗಿ ಕೇಳು ತಂಗೀ. ಮರ್ಯಾದೆಯಿಂದ ಕೇಳು, ಆದರೆ ಕೇಳು. ಒಂದು ಅಂಕದ ಮಾತು ಅಂತ ಬಿಡಬೇಡ.

ಟಿಳಕವಾಡಿ_ಟೀಚರ್ (ಬೆಳಗಾವಿ)

ಕೇಳುವುದು ತಪ್ಪಲ್ಲ. ಆದರೆ ನಾನು ಮೌಲ್ಯಮಾಪನ ಮಾಡುವ ಜಾಗದಲ್ಲಿ ಕೂತವಳು, ಅಲ್ಲಿಂದಲೂ ಹೇಳುತ್ತೇನೆ. ಕಾಲೇಜು ಪೇಪರ್‌ನಲ್ಲಿ O ಬರೆದರೂ ಬಹಳಷ್ಟು ಜನ ಬಿಗಿಯಾದ ಮಿತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಮೇಲ್ಮಿತಿ ಅನ್ನುವ ಅರ್ಥವನ್ನು ಪೂರ್ತಿ ಹಿಡಿದರೆ "ಹೀಪ್ ಕಟ್ಟುವುದು O(n³)" ಅನ್ನುವುದಕ್ಕೂ ಸರಿ ಅಂತ ಬರೆಯಬೇಕಾಗುತ್ತದೆ. ಅಂಥ ಪ್ರಶ್ನೆಯಿಂದ ವಿದ್ಯಾರ್ಥಿಗೆ ಹೀಪ್ ಗೊತ್ತಿದೆಯಾ ಅಂತ ತಿಳಿಯುವುದಿಲ್ಲ.

ಗೇಟ್_ತಯಾರಿ (ವಿಜಯಪುರ)

O(n³) ಅಂತ ಕೇಳಿದರೂ ಉತ್ತರ ಸರಿಯೇ ಮೇಡಂ. ಪ್ರಶ್ನೆ ಕೆಟ್ಟದಾಗಿದ್ದರೆ ಅದನ್ನು ಬರೆದವರು ತಿದ್ದಿಕೊಳ್ಳಬೇಕು, ಓದಿದವರು ಅಂಕ ಕಳೆದುಕೊಳ್ಳಬಾರದು. ಇದರಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ.

ಟಿಳಕವಾಡಿ_ಟೀಚರ್ (ಬೆಳಗಾವಿ)

ಆಯ್ತು, ಇದೊಂದರಲ್ಲಿ ನಮ್ಮಿಬ್ಬರ ದಾರಿ ಬೇರೆ. ನಾನು ಪೇಪರ್ ತೆಗೆಯುವಾಗ ಇನ್ನು ಮೇಲೆ Θ ಬರೆಯುತ್ತೇನೆ, ಅಷ್ಟು ಮಾತ್ರ ಹೇಳಬಲ್ಲೆ.

ಕುಸ್ತಿ_ಕಣ (ಬೆಳಗಾವಿ)

ಮಗಳು ಕೇಳುತ್ತಿದ್ದಾಳೆ. ಹೀಪ್ ಎಡದಿಂದ ಬಲಕ್ಕೆ ಇನ್‌ಆರ್ಡರ್‌ನಲ್ಲಿ ಓದಿದರೆ ಸಾರ್ಟ್ ಆಗಿ ಬರುತ್ತದೆ ಅಂತ ಅವಳ ಗೆಳತಿ ಹೇಳಿದಳಂತೆ. ಅರೇ ಸಾರ್ಟ್ ಇಲ್ಲದಿದ್ದರೂ ಹಾಗೆ ಓದಿದರೆ ಬರುತ್ತದಾ?

ಗುಮ್ಮಟನಗರಿ (ವಿಜಯಪುರ)

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಈಗ ಗೊತ್ತಾಗಿದೆ. ಬರುವುದಿಲ್ಲ ಅಣ್ಣಾ. ಆ ಗುಣ ಬೈನರಿ ಸರ್ಚ್ ಟ್ರೀದು. ಅಲ್ಲಿ ಎಡದವರು ಅಪ್ಪನಿಗಿಂತ ಚಿಕ್ಕವರು, ಬಲದವರು ದೊಡ್ಡವರು. ಹೀಪ್‌ನಲ್ಲಿ ಇಬ್ಬರು ಮಕ್ಕಳೂ ಅಪ್ಪನಿಗಿಂತ ದೊಡ್ಡವರು. ಮೇಡಂ ಕೊಟ್ಟ ಹೀಪನ್ನೇ ಇನ್‌ಆರ್ಡರ್ ಓದಿದರೆ 50 40 60 10 20 15 30. ಚಿಕ್ಕದಾದ 10 ಮಧ್ಯದಲ್ಲಿ ಬಂದಿದೆ. ಹುಡುಕುವುದೂ ಅದೇ ಕಾರಣಕ್ಕೆ ಕಷ್ಟ. 30 ಎಲ್ಲಿದೆ ಅಂದರೆ ಎಡಕ್ಕೆ ಹೋಗಬೇಕೋ ಬಲಕ್ಕೋ ಹೀಪ್ ಹೇಳುವುದಿಲ್ಲ. "ಹೀಪ್‌ನಲ್ಲಿ ಹುಡುಕಲು O(log n)" ಅನ್ನುವುದೂ ತಪ್ಪು, ಎಲ್ಲ ನೋಡಬೇಕಾಗಬಹುದು. ಮೇಡಂ, ಸರಿ ಇದೆಯಾ?

ಟಿಳಕವಾಡಿ_ಟೀಚರ್ (ಬೆಳಗಾವಿ)

ಪೂರ್ತಿ ಸರಿ ಇದೆ. ಒಂದು ಸಣ್ಣ ಮಾತು. 40ರ ಕೆಳಗೆ 30 ಇರಲಾರದು, ಹಾಗಾಗಿ ಆ ಕೊಂಬೆ ಬಿಟ್ಟುಬಿಡಬಹುದು. ಹಾಗೆ ಕೆಲವು ಸಲ ಕೆಲಸ ಉಳಿಯುತ್ತದೆ. ಆದರೆ ದೊಡ್ಡ ಸಂಖ್ಯೆ ಹುಡುಕುವಾಗ ಯಾವ ಕೊಂಬೆಯನ್ನೂ ಬಿಡಲು ಆಗದೆ ಇರಬಹುದು. ಅತಿ ಕೆಟ್ಟ ಸ್ಥಿತಿಗೆ O(n) ಅಂತಲೇ ಬರೆಯಬೇಕು.

ನವನಗರ_ಹುಡುಗಿ (ಬಾಗಲಕೋಟೆ)

ಇನ್ನೊಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಏಳು ಬೇರೆ ಬೇರೆ ಸಂಖ್ಯೆ ಕೊಟ್ಟರೆ ಎಷ್ಟು ಥರದ ಹೀಪ್ ಆಗಬಹುದು? ಅವುಗಳಲ್ಲಿ ಸಾರ್ಟ್ ಆಗಿರುವುದು ಎಷ್ಟು? ನಮ್ಮ ನೋಟ್ಸ್‌ನಲ್ಲಿರುವ ಉದಾಹರಣೆಗಳೆಲ್ಲ ಸಾರ್ಟ್ ಆದವೇ, ಅದು ಸುಮ್ನೆ ಕಾಕತಾಳೀಯವಾ ಅಂತ ಕುತೂಹಲ.

ಗೇಟ್_ತಯಾರಿ (ವಿಜಯಪುರ)

80. ಲೆಕ್ಕ ಹೀಗೆ. ಚಿಕ್ಕದು ರೂಟ್‌ಗೆ ಹೋಗಲೇಬೇಕು, ಅದರಲ್ಲಿ ಆಯ್ಕೆ ಇಲ್ಲ. ಉಳಿದ ಆರರಲ್ಲಿ ಎಡಗಡೆಗೆ ಮೂರನ್ನು ಆರಿಸಬೇಕು, ಅದಕ್ಕೆ 20 ದಾರಿ. ಮೂರು ಸಂಖ್ಯೆಯ ಹೀಪ್ 2 ಥರ, ಎಡದಲ್ಲಿ 2, ಬಲದಲ್ಲಿ 2. ಗುಣಿಸಿದರೆ 20 × 2 × 2 = 80. ಸಾರ್ಟ್ ಆಗಿರುವುದು ಅದರಲ್ಲಿ ಒಂದೇ ಒಂದು. ನೋಟ್ಸ್ ಬರೆಯುವಾಗ ಏರಿಕೆ ಕ್ರಮದಲ್ಲಿ ಸಂಖ್ಯೆ ಬರೆಯುವುದು ಕೈಗೆ ಸಲೀಸು, ಅದಕ್ಕೇ ಆ ಒಂದೇ ಎಲ್ಲ ಕಡೆ ಬರುತ್ತದೆ.

ಕಂಪ್ಯೂಟರ್ ಹತ್ತಿರ ಇದ್ದರೆ ಪೈಥಾನ್‌ನಲ್ಲಿ ಇದನ್ನು ಓಡಿಸಿ:

```python
import heapq
a = [30, 20, 60, 10, 50, 40, 15]
heapq.heapify(a)
print(a)
```

ಬರುವುದು `[10, 20, 15, 30, 50, 40, 60]`. ಇದರಲ್ಲಿ ದೊಡ್ಡದು ಕೊನೆಗೆ ಬಂದಿದೆ, ಅದು ಕಾಕತಾಳೀಯ. 20 ಆದ ಮೇಲೆ 15, 50 ಆದ ಮೇಲೆ 40 ಬಂದಿವೆ ನೋಡಿ. ಪ್ರಿಂಟ್ ಮಾಡಿದ ಲಿಸ್ಟ್‌ನ ಎರಡನೇ ಸಂಖ್ಯೆಯನ್ನೇ ಎರಡನೇ ಚಿಕ್ಕದು ಅಂತ ಬಳಸಿ ಕೆಟ್ಟ ಪ್ರೋಗ್ರಾಂ ನಾನು ಇಂಟರ್ನ್‌ಶಿಪ್‌ನಲ್ಲಿ ನೋಡಿದ್ದೇನೆ. ಕ್ರಮವಾಗಿ ಬೇಕಾದರೆ `heapq.heappop(a)` ಒಂದೊಂದಾಗಿ ಕರೆಯಬೇಕು.

ನವನಗರ_ಹುಡುಗಿ (ಬಾಗಲಕೋಟೆ)

ಓಡಿಸಿದೆ, ಅದೇ ಬಂತು. ಡಿಲೀಟ್ ಫಂಕ್ಷನ್ ಕೂಡ ತಿದ್ದಿದೆ. ಕೊನೆಯದನ್ನು ರೂಟ್‌ಗೆ ತಂದು, ಇಬ್ಬರು ಮಕ್ಕಳಲ್ಲಿ ಚಿಕ್ಕದನ್ನು ಆರಿಸಿ ಇಳಿಸುತ್ತೇನೆ. 10 40 15 50 60 20 30 ಕೊಟ್ಟರೆ ಈಗ 10 15 20 30 40 50 60 ಬರುತ್ತಿದೆ. ಮಧ್ಯದಲ್ಲಿ ಒಂದು ತಪ್ಪು ಮಾಡಿದ್ದೆ. ಬಲ ಮಗು ಇಲ್ಲದಿರುವಾಗಲೂ ಅದನ್ನು ಹೋಲಿಸುತ್ತಿದ್ದೆ, ಅಲ್ಲಿ ಹಳೆಯ 30 ಇನ್ನೂ ಅರೇಯಲ್ಲೇ ಕೂತಿತ್ತು. ಬಲ ಮಗುವಿನ ನಂಬರ್ n ಒಳಗಿದೆಯಾ ಅಂತ ನೋಡುವ ಒಂದು ಸಾಲು ಸೇರಿಸಿ ಅದನ್ನೂ ತಿದ್ದಿದೆ.

ಐದನೇ ಪ್ರಶ್ನೆ ಬಗ್ಗೆ ಸೋಮವಾರ ಸರ್ ಹತ್ತಿರ ಹೋಗುತ್ತೇನೆ. ರೆಕಾರ್ಡ್‌ನಲ್ಲಿರುವ ಹಳೆಯ ಫಂಕ್ಷನ್ ತಪ್ಪಿದೆ ಅನ್ನುವುದನ್ನೂ ಅವತ್ತೇ ಹೇಳುತ್ತೇನೆ, ಸಹಿ ಆಗಿದ್ದರೂ.

ಟಿಳಕವಾಡಿ_ಟೀಚರ್ (ಬೆಳಗಾವಿ)

ಹೇಳಿ. ಹೋಗುವಾಗ 10 40 15 50 60 20 30ರ ಎರಡೂ ಔಟ್‌ಪುಟ್ ಪ್ರಿಂಟ್ ತಗೊಂಡು ಹೋಗಿ, ಹಳೆಯದು ಮತ್ತು ಹೊಸದು. ಅವರು ಮುಂದಿನ ಬ್ಯಾಚ್‌ಗೆ ಲ್ಯಾಬ್ ಇನ್‌ಪುಟ್ ಬದಲಿಸಬಹುದು.